ಇಂಟರ್‌ವ್ಯೂಗೆ ಹೋಗುವ ಮುಂಚೆ ಆ ಕಂಪನಿ ಪಿಎಫ್ ಕಟ್ಟುತ್ತಿದೆಯಾ ನೋಡಿ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಮಾಮ, ಗುರುವಾರ ಇಂಟರ್‌ವ್ಯೂ ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ. ಮುನ್ನೂರು ಜನ ಇದ್ದಾರಂತೆ" ಅಂದ. ಕಂಪನಿ ಯಾರದು ಅಂತ ಕೇಳಿದೆ. ವೆಬ್‌ಸೈಟಿನಲ್ಲಿ ಇದ್ದದ್ದನ್ನೇ ಓದಿ ಹೇಳಿದ. ನಾನು ಹಿಂದೆ ಒಂದು ಕಡೆ ಮೂರು ತಿಂಗಳ ಸಂಬಳ ಕಳೆದುಕೊಂಡವನು. ಅಲ್ಲಿಗೆ ಸೇರುವ ಮುಂಚೆ ನಾನೂ ವೆಬ್‌ಸೈಟ್ ಮಾತ್ರ ಓದಿದ್ದೆ. ಅದಕ್ಕೇ ಅವತ್ತು ರಾತ್ರಿ ಇಬ್ಬರೂ ಕೂತು ಹುಡುಕಿದೆವು.

ಮೊದಲು ಬೇಕಾದದ್ದು ಕಂಪನಿಯ ನೋಂದಣಿ ಹೆಸರು. ಬೋರ್ಡಿನ ಮೇಲೆ ಒಂದು ಹೆಸರಿರುತ್ತದೆ, ಸಂಬಳ ಕೊಡುವ ಕಂಪನಿಯ ಹೆಸರು ಬೇರೆಯೇ ಇರಬಹುದು. ವೆಬ್‌ಸೈಟಿನ ತಳದಲ್ಲಿ ಅಥವಾ ಪ್ರೈವಸಿ ಪಾಲಿಸಿ ಪುಟದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ ಲೆಟರ್‌ಹೆಡ್ ಮೇಲೆ CIN ಅನ್ನುವ 21 ಅಕ್ಷರದ ನೋಂದಣಿ ಸಂಖ್ಯೆ ಇರಲೇಬೇಕು. ಇವನಿಗೆ ಬಂದ ಪತ್ರದಲ್ಲೂ ಇತ್ತು. ಶುರುವಿನಲ್ಲಿ U ಇದ್ದರೆ ಷೇರುಪೇಟೆಯಲ್ಲಿ ಇಲ್ಲದ ಕಂಪನಿ, L ಇದ್ದರೆ ಇರುವ ಕಂಪನಿ. ನಡುವೆ KA ಅಂದರೆ ಕರ್ನಾಟಕ, ಅದರ ಪಕ್ಕದ್ದು ನೋಂದಣಿಯಾದ ವರ್ಷ.

ಆ ಸಂಖ್ಯೆ ಹಿಡಿದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್ mca.gov.in ಗೆ ಹೋದೆವು. ಲಾಗಿನ್ ಕೇಳಿದರೆ ಉಚಿತವಾಗಿಯೇ ಮಾಡಿಕೊಳ್ಳಬಹುದು. ಕಂಪನಿ ಚಾಲ್ತಿಯಲ್ಲಿದೆಯಾ, ಡೈರೆಕ್ಟರ್‌ಗಳು ಯಾರು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು, ಸಾಲಕ್ಕೆ ಆಸ್ತಿ ಒತ್ತೆ ಇದೆಯಾ, ಎಲ್ಲ ಅಲ್ಲಿ ಕಾಣುತ್ತದೆ. ಇನ್ನು ನೂರು ರೂಪಾಯಿ ಕಟ್ಟಿದರೆ ಕಂಪನಿ ಸಲ್ಲಿಸಿದ ಕಾಗದಗಳನ್ನೇ ಓದಬಹುದು. MGT-7 ನಲ್ಲಿ ಷೇರು ಯಾರ ಕೈಯಲ್ಲಿದೆ ಅನ್ನುವುದು ಇರುತ್ತದೆ, AOC-4 ನಲ್ಲಿ ಲೆಕ್ಕಪತ್ರ ಇರುತ್ತದೆ.

ಇಲ್ಲೇ ನಮ್ಮ ಲೆಕ್ಕ ತಲೆಕೆಳಗಾಯಿತು. ಷೇರೆಲ್ಲ ಹೆಚ್ಚುಕಡಿಮೆ ಸಿಂಗಾಪುರದ ಒಂದು ಮಾತೃಸಂಸ್ಥೆಯದು. ಬೆಂಗಳೂರಿನ ಕಂಪನಿಗೆ ಪ್ರತಿ ವರ್ಷ ಸಣ್ಣ ಲಾಭ. ನೋಡಿದರೆ ಸಮಾಧಾನವಾಗುತ್ತದೆ, ಅಲ್ವಾ? ಆದರೆ ಇಂಥ ಅಂಗಸಂಸ್ಥೆಗಳಿಗೆ ಎಷ್ಟೋ ಸಲ ಮಾತೃಸಂಸ್ಥೆಯೇ ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಸೇರಿಸಿ ದುಡ್ಡು ಕೊಡುತ್ತದೆ. ಹಾಗಾಗಿ ಇಲ್ಲಿ ಲಾಭ ಕಾಣುತ್ತಲೇ ಇರುತ್ತದೆ. ಅಲ್ಲಿ ದುಡ್ಡು ನಿಂತರೆ ಇಲ್ಲಿ ಸಂಬಳ ನಿಲ್ಲುತ್ತದೆ. ಜೊತೆಗೆ ಈ ಲೆಕ್ಕಪತ್ರ ಹಳೆಯದು. ಮಾರ್ಚಿಗೆ ಮುಗಿದ ವರ್ಷದ ಲೆಕ್ಕ ಅಲ್ಲಿ ಬರುವಷ್ಟರಲ್ಲಿ ಅಕ್ಟೋಬರ್ ದಾಟಿರುತ್ತದೆ.

ಇವತ್ತಿನ ಸ್ಥಿತಿ ಗೊತ್ತಾಗಲು ನಾನು ಜಾಸ್ತಿ ನಂಬುವುದು ಪಿಎಫ್ ಲೆಕ್ಕವನ್ನು. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒ ವೆಬ್‌ಸೈಟಿನಲ್ಲಿ Establishment Search ಅಂತ ಇದೆ. ಕಂಪನಿಯ ನೋಂದಣಿ ಹೆಸರು ಹಾಕಿ, ಅದರ ಪೇಮೆಂಟ್ ವಿವರ ತೆರೆದರೆ ಯಾವ ತಿಂಗಳು ಎಷ್ಟು ಜನರಿಗೆ, ಎಷ್ಟು ದುಡ್ಡು, ಯಾವ ತಾರೀಕು ಕಟ್ಟಿದ್ದಾರೆ ಎಲ್ಲ ಬರುತ್ತದೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು.

ಮುನ್ನೂರು ಜನ ಅಂದಿದ್ದರಲ್ಲ. ಏಪ್ರಿಲ್‌ನಲ್ಲಿ 141 ಜನರಿಗೆ ಕಟ್ಟಿದ್ದರು. ಆಗಸ್ಟ್‌ಗೆ 112. ನವೆಂಬರ್‌ಗೆ 83. ಮೊದಲೆಲ್ಲ 14, 15ನೇ ತಾರೀಕಿಗೆ ಬರುತ್ತಿದ್ದ ದುಡ್ಡು 28ಕ್ಕೆ ಜಾರಿತ್ತು. ಕೊನೆಗೆ ಎರಡು ತಿಂಗಳದ್ದನ್ನು ಒಂದೇ ದಿನ ಕಟ್ಟಿದ್ದರು.

ಈ ಲೆಕ್ಕಕ್ಕೂ ಮಿತಿ ಇದೆ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಕಡೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವಲ್ಲ. ಗುತ್ತಿಗೆ ನೌಕರರು ಗುತ್ತಿಗೆದಾರನ ಲೆಕ್ಕದಲ್ಲಿ ಇರಬಹುದು. ಹಾಗಾಗಿ 141 ನೋಡಿ "ಮುನ್ನೂರು ಸುಳ್ಳು" ಅನ್ನಲು ಬರುವುದಿಲ್ಲ. ಒಂದು ತಿಂಗಳು ತಡವಾದರೂ ಗಾಬರಿ ಬೇಡ. ಆದರೆ ಜನ ಇಳಿಯುತ್ತಾ, ತಾರೀಕು ಜಾರುತ್ತಾ ಹೋದರೆ ಅಲ್ಲಿ ದುಡ್ಡಿಗೆ ತೊಂದರೆ ಇದೆ ಅಂತಲೇ ನಾನು ತಿಳಿಯುತ್ತೇನೆ.

ಸುದ್ದಿ ಹುಡುಕುವುದನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೆವು. ಅದೇ ಒಳ್ಳೆಯದಾಯಿತು. ಬ್ರ್ಯಾಂಡ್ ಹೆಸರಿಗೆ ಹಳೆಯ ಪ್ರಶಸ್ತಿ ಸುದ್ದಿಗಳಷ್ಟೇ ಬಂದವು. ಮಾತೃಸಂಸ್ಥೆಯ ಹೆಸರು ಹಾಕಿದಾಗ ಒಂದು ವಿಭಾಗ ಮುಚ್ಚಿದ ಸುದ್ದಿ ಸಿಕ್ಕಿತು. ಅದು ಸೆಪ್ಟೆಂಬರ್‌ನದು. ಪಿಎಫ್ ತಾರೀಕು ಜಾರಲು ಶುರುವಾದದ್ದೂ ಆಗಲೇ. ಕಂಪನಿಗಳ ಕೇಸು ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿಯಲ್ಲಿ ದಿವಾಳಿ ಅರ್ಜಿ ಇದೆಯಾ ಅಂತಲೂ ನೋಡಿದೆವು, ಇರಲಿಲ್ಲ.

ಹೋಗಬೇಡ ಅಂತ ನಾನು ಹೇಳಲಿಲ್ಲ. ಎರಡು ಪ್ರಶ್ನೆ ಬರೆದುಕೊಂಡು ಹೋಗು ಅಂದೆ. "ಈ ವರ್ಷ ತಂಡ ಎಷ್ಟು ದೊಡ್ಡದಾಗಿದೆ?" "ಮಾತೃಸಂಸ್ಥೆಯಿಂದ ಮುಂದಿನ ಹನ್ನೆರಡು ತಿಂಗಳಿಗೆ ಬಜೆಟ್ ಒಪ್ಪಿಗೆ ಆಗಿದೆಯಾ?" ಮೊದಲನೆಯದಕ್ಕೆ ತಂಡ ಬೆಳೆಯುತ್ತಲೇ ಇದೆ ಅಂದರಂತೆ. ಎರಡನೆಯದಕ್ಕೆ ಎಚ್‌ಆರ್ ಅವರು ಕೇಳಿ ತಿಳಿಸುತ್ತೇವೆ ಅಂದರಂತೆ. ಹತ್ತು ದಿನ ಕಳೆದು ಆಫರ್ ಬಂತು, ಉತ್ತರ ಬರಲಿಲ್ಲ. ಅವನು ಈಗಿರುವ ಕೆಲಸದಲ್ಲೇ ಉಳಿದುಕೊಂಡಿದ್ದಾನೆ.