ನೂರೈವತ್ತು ರೂಪಾಯಿಯ ಗುಟ್ಟು

ಡಿಸೆಂಬರ್ ಎರಡನೇ ವಾರ ಬೆಂಗಳೂರಿನ ಹೆಡ್ ಆಫೀಸಿನಿಂದ ನಮ್ಮ ವಿಜಯಪುರದ ಶಾಖೆಗೆ ಮೇಲ್ ಬಂತು. ಸಿಬ್ಬಂದಿಯೆಲ್ಲ 'ಸೀಕ್ರೆಟ್ ಸ್ಯಾಂಟಾ' ಆಡತಕ್ಕದ್ದು. ಚೀಟಿಯಲ್ಲಿ ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡತಕ್ಕದ್ದು. 150 ರೂಪಾಯಿ ಮೀರತಕ್ಕದ್ದಲ್ಲ, ಆದರೆ ಉಡುಗೊರೆ 'ಅರ್ಥಪೂರ್ಣ'ವಾಗಿರತಕ್ಕದ್ದು.

ನಮ್ಮ ಹೆಡ್ ಕ್ಲರ್ಕ್ ಸಾಹೇಬರು ಮೇಲ್ ಪ್ರಿಂಟ್ ತೆಗೆಸಿ, ಫೈಲಿಗೆ ಹಚ್ಚಿ, ಕೇಳಿದ್ದು ಒಂದೇ ಪ್ರಶ್ನೆ: "ಜಿಎಸ್‌ಟಿ ಹಿಡದ 150 ಏನ್ರಿ, ಬಿಟ್ಟ? ಗಿಫ್ಟ್ ಪೇಪರಿನ ರೊಕ್ಕ ಯಾರ ತಲಿ ಮ್ಯಾಲ?" ಮೂವರ ಸಮಿತಿಯಾಯಿತು. ಎಲ್ಲಾ ಹಿಡಿದು 150 ಎಂದು ಠರಾವಾಯಿತು.

ಹದಿನಾಲ್ಕು ಮಂದಿಯ ಹೆಸರು ಬರೆದು ಬಿಸ್ಕೀಟ್ ಡಬ್ಬಿಗೆ ಹಾಕಿದೆವು. ಮೊದಲ ಸಲ ಕ್ಯಾಷಿಯರ್ ಕೈಗೆ ಕ್ಯಾಷಿಯರ್ ಹೆಸರೇ ಬಂತು. ಎರಡನೇ ಸಲ ಟೈಪಿಸ್ಟ್ ಅಕ್ಕಾರಿಗೆ ಅವರದೇ. ಮೂರನೇ ಸಲ ಇಬ್ಬರಿಗೆ. "ಡಬ್ಬಿ ಚಲೋ ಇಲ್ರಿ" ಎಂದು ಸಮಿತಿ ಡಬ್ಬಿ ಬದಲಿಸಿತು. ಪಾಪ, ಡಬ್ಬಿಯದೇನು ತಪ್ಪು? ಹೀಗೆ ಚೀಟಿ ಎತ್ತಿದರೆ ಯಾರಿಗೂ ತಮ್ಮ ಹೆಸರು ಬಾರದೆ ಪಾರಾಗುವುದು ನೂರರಲ್ಲಿ ಸುಮಾರು 37 ಸಲ ಮಾತ್ರ. ಹದಿನಾಲ್ಕು ಮಂದಿ ಇರಲಿ, ನಲವತ್ತು ಮಂದಿ ಇರಲಿ, ಲೆಕ್ಕ ಹೆಚ್ಚು ಕಡಿಮೆ ಅದೇ.

ಐದನೇ ಸುತ್ತೂ ಕೆಟ್ಟ ಮೇಲೆ ಸ್ಟೋರಿನವರು ಹಾದಿ ತೋರಿಸಿದರು. ಆಟದಲ್ಲಿ ಇಲ್ಲದವನೊಬ್ಬ ಚೀಟಿ ಕಲಸಿ ಸಾಲಾಗಿ ಇಡಬೇಕು. ಪ್ರತಿ ಲಕೋಟೆಯ ಮೇಲೆ ಒಬ್ಬರ ಹೆಸರು, ಒಳಗೆ ಸಾಲಿನಲ್ಲಿ ಅವರ ಮುಂದಿನವರ ಹೆಸರು. ಕಡೆಯವರ ಲಕೋಟೆಯೊಳಗೆ ಮೊದಲಿನವರದು. ತನಗೆ ತಾನೇ ಬರುವ ಮಾತೇ ಇಲ್ಲ, ಒಂದೇ ಸುತ್ತಿಗೆ ಕೆಲಸ ಮುಗಿಯಿತು. ಆದರೆ ಆಟದಲ್ಲಿ ಇಲ್ಲದವನೆಂದು ನಾವು ಕರೆದದ್ದು ಎದುರಿನ ಚಾದಂಗಡಿಯವನನ್ನು. ಸಂಜೆಯೊಳಗೆ ಗುಟ್ಟು ಹದಿನಾಲ್ಕು ಮಂದಿಯನ್ನು ಬಿಟ್ಟು ಇಡೀ ಓಣಿಗೆ ಗೊತ್ತಿತ್ತು.

ರುಚಿ ತಿಳಿಯಲೆಂದು ಸಮಿತಿ 'ನಿಮಗೇನು ಬೇಕು' ಎಂಬ ಚೀಟಿಯನ್ನೂ ಬರೆಸಿಕೊಂಡಿತು. ಹನ್ನೊಂದು ಮಂದಿ ಬರೆದದ್ದು: "ಏನಾದ್ರೂ ನಡೀತೈತ್ರಿ." ಒಬ್ಬರು, "ಸಕ್ಕರಿ ಇರಬಾರದು." ಕ್ಯಾಷಿಯರ್, "ಮನ್ಯಾಗ ಜಾಗಾ ಹಿಡೀಬಾರದು." ಮ್ಯಾನೇಜರ್ ಸಾಹೇಬರು, "ನನಗ ಏನೂ ಬ್ಯಾಡ." ಈ ಕಡೆಯದು ಬಲು ದುಬಾರಿ ಚೀಟಿ. ಅವರ ಹೆಸರು ಬಂದವನು ಸೊಲ್ಲಾಪುರ ಚಾದರ ತಂದು, ಬೆಲೆಯ ಲೇಬಲ್ಲನ್ನು ಉಗುರಿನಿಂದ ಕೆರೆದು, "150ರಾಗ ಸಿಕ್ತ್ರಿ" ಎಂದ. ಸಾಹೇಬರು ನಂಬಿದರು. ನಂಬದಿದ್ದರೆ ವಾಪಸು ಕೊಡಬೇಕಾಗುತ್ತಿತ್ತಲ್ಲ.

ನಾನು ಎಲ್‌ಬಿಎಸ್ ಮಾರ್ಕೆಟ್ಟಿಗೆ ಹೋದೆ. ಅಂಗಡಿಯವ, "ಯಾರಿಗ್ರಿ?" ಅಂದ. "ಹೇಳಂಗಿಲ್ರಿ." "ಗಂಡಸರಿಗೋ ಹೆಂಗಸರಿಗೋ?" "ಅದನೂ ಹೇಳಂಗಿಲ್ಲ." ಆತ ನಕ್ಕ. "ನೀವೂ ಆ ಆಫೀಸಿನವರ ಏನ್ರಿ? ಮುಂಜಾನಿಂದ ಐದ ಮಂದಿ ಬಂದ ಹೋದ್ರು. ಮಗ್ ಒಯ್ಯರಿ, ಯಾರಿಗೂ ನಡೀತೈತಿ."

ಯಾರಿಗೂ ನಡೆಯುವುದು ಯಾರಿಗೂ ಬೇಕಾದದ್ದಲ್ಲ. ನಾನು ಪಕ್ಕದ ಸಾಲಿಗೆ ಹೋಗಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತೂಗಿಸಿದೆ. ತೂಗಿ ಕೊಡುವ ವಸ್ತುವಿನ ಸುಖವೇ ಬೇರೆ. 150 ಅಂದರೆ ತಕ್ಕಡಿ ಸರಿಯಾಗಿ 150ಕ್ಕೇ ನಿಲ್ಲುತ್ತದೆ. ಮಗ್ಗಾದರೆ ಒಂದೋ 120ರದು ಸಿಗುತ್ತದೆ, ಇಲ್ಲ 180ರದು. ಒಂದರಲ್ಲಿ ಜಿಪುಣ ಎನಿಸಿಕೊಳ್ಳಬೇಕು, ಇನ್ನೊಂದರಲ್ಲಿ ನಿಯಮ ಮುರಿಯಬೇಕು. ಮೇಲಾಗಿ ನನ್ನ ಪಾಲಿಗೆ ಬಂದವರು ಕ್ಯಾಷಿಯರ್. ಹಿಂಡಿ ಜಾಗ ಹಿಡಿಯುವುದು ಎಂಟು ದಿನ, ಅದೂ ಹೊಟ್ಟೆಯಲ್ಲಿ.

ಬಿಚ್ಚುವ ದಿನ ಟೇಬಲ್ ಮೇಲೆ ಏಳು ಮಗ್, ಮೂರು ಫೋಟೋ ಫ್ರೇಮ್, ಒಂದು ಪೆನ್ ಸ್ಟ್ಯಾಂಡ್, ಚಾದರ, ಹಿಂಡಿ, ಮತ್ತು ಒಂದು ಸ್ಟೀಲ್ ಡಬ್ಬಿ. ಡಬ್ಬಿ ಬಂದದ್ದು ಟೈಪಿಸ್ಟ್ ಅಕ್ಕಾರಿಗೆ. ಥಳಥಳ ಹೊಳೆಯುತ್ತಿತ್ತು. ಅಕ್ಕಾರು ಮುಚ್ಚಳ ತಿರುಗಿಸಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಅಂಚಿನಲ್ಲಿ ಸಣ್ಣ ಚುಕ್ಕಿಚುಕ್ಕಿ ಅಕ್ಷರದಲ್ಲಿ ಅವರ ಮನೆತನದ ಹೆಸರು, ಕೆಳಗೆ 'ಗೃಹಪ್ರವೇಶ', ತಾರೀಖು. ಎರಡು ವರ್ಷದ ಹಿಂದೆ ಅವರೇ ಹಂಚಿದ ಡಬ್ಬಿ. "ಖಾಲಿ ಕೊಟ್ಟಿದ್ದೆ, ಖಾಲಿನ ಬಂತ ನೋಡ್ರಿ" ಎಂದು ಅಕ್ಕಾರು ಅದನ್ನು ಚೀಲಕ್ಕೆ ಹಾಕಿಕೊಂಡರು. ಹೆಡ್ ಕ್ಲರ್ಕ್ ಸಾಹೇಬರು ಕಿಟಕಿಯ ಹೊರಗೆ ಏನನ್ನೋ ನೋಡುತ್ತಿದ್ದರು.

ದಸರೆಯಲ್ಲಿ ಇದೇ ಹದಿನಾಲ್ಕು ಮಂದಿ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೂಣ್ರಿ" ಎಂದಿದ್ದೆವು. ಖರ್ಚು ಸೊನ್ನೆ, ಎಲ್ಲರಿಗೂ ಒಂದೇ ಎಲೆ, ಯಾರಿಗೂ ಬೇಸರವಿಲ್ಲ. ಅದಕ್ಕೆ ಹೆಡ್ ಆಫೀಸಿನಿಂದ ಮೇಲ್ ಬಂದಿರಲಿಲ್ಲ, ಹಾಗಾಗಿ ಸಮಿತಿಯೂ ಇರಲಿಲ್ಲ.

ಜನವರಿಯಲ್ಲಿ ಇನ್ನೊಂದು ಮೇಲ್ ಬಂತು. 'ನಿಮಗೆ ಬಂದ ಉಡುಗೊರೆ ಅರ್ಥಪೂರ್ಣವಾಗಿತ್ತೆ? ಒಂದು ಸಾಲಿನಲ್ಲಿ ಉತ್ತರಿಸಿ.' ಕ್ಯಾಷಿಯರ್ ಒಬ್ಬರೇ "ಹಿಂಡಿ ತೀರಿತು" ಎಂದು ಬರೆದರು. ಉಳಿದವರದೆಲ್ಲ ಒಂದೇ ಉತ್ತರ: "ನಡೀತೈತ್ರಿ."