ಚಿಗವ್ವನ ಒಂಬತ್ತು ನಿಮಿಷ, ನಮ್ಮ ಮೂರು ಸಾಲು

ಇವತ್ತು ಬೆಳಿಗ್ಗೆ ಮನೆತನದ ಗ್ರೂಪಿನಲ್ಲಿ ಕಂಡದ್ದಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ. ಕಾರಟಗಿ ಕಡೆಯ ಹಳ್ಳಿಯಿಂದ ಚಿಗವ್ವ ಒಂಬತ್ತು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಯಾರೋ ಅದನ್ನು ಆ್ಯಪ್‌ಗೆ ಹಾಕಿ ಬರಹಕ್ಕಿಳಿಸಿದ್ದಾರೆ. ಇನ್ನೊಬ್ಬರು ಆ ಬರಹದ ಮೇಲೆ ಕಣ್ಣಾಡಿಸಿ ಸಾರಾಂಶ ಹಾಕಿದ್ದಾರೆ: "ಎಲ್ಲಾ ಆರಾಮ. ಎದುರುಮನಿ ಅಜ್ಜಾರಿಗೆ ಶುಗರ್ ಜಾಸ್ತಿ ಆಗೈತಿ. ದಲ್ಲಾಳಿಗೆ 1800 ಕೊಡಬೇಕಂತ." ಕೆಳಗೆ ಆರು ಜನ ಕೈಮುಗಿದಿದ್ದಾರೆ, ಒಬ್ಬರು "1800 ನಾನೇ ಹಾಕಲೇನು?" ಎಂದು ಕೇಳಿದ್ದಾರೆ.

ಮೂರಕ್ಕೆ ಮೂರೂ ಸಾಲು ತಪ್ಪು. ಚಿಗವ್ವ ಕೇಳಿದ್ದು ಏನು ಅನ್ನುವುದು ಒಂದರಲ್ಲೂ ಇಲ್ಲ.

ಬರಹದಲ್ಲಿ ಬಂದದ್ದು ಹೀಗಿದೆ, ಒಂದು ಚುಕ್ಕೆಯೂ ಇಲ್ಲದೆ: "ಎದುರಮನಿ ಅಜ್ಜಾರನ್ನ ದವಾಖಾನಿಗೆ ಒಯ್ದಿದ್ರು ಈಗ ಆರಾಮ ಅದಾರ ಅವರಿಗೆ ಸಕ್ಕರಿ ಎರಡನೂರಾ ಎಂಬತ್ತು ಬಂದೈತಿ ಆ ಗುಳಿಗಿ ಇಲ್ಲಿ ಸಿಗವಲ್ವು ಗಂಗಾವತ್ಯಾಗ ಸಿಗ್ತಾವ ಅಂದ ಹೋಗೋರು ಯಾರು ಇನ್ನ ಎಂಟ ದಿನಕ್ಕ ಅದಾವ ಇರ್ಲಿ ಬಿಡು ನೀ ಕೆಲಸದಾಗ ಇರ್ತಿ".

ಕಣ್ಣಿಂದ ಓದಿದರೆ ಸಕ್ಕರಿ ಅಜ್ಜಾರದ್ದೇ ಅನಿಸುತ್ತದೆ. ಬರಹ ಮುಂದಿಟ್ಟುಕೊಂಡು ದನಿ ಕೇಳಿ. ಚಿಗವ್ವ ಅಂದದ್ದು "ಇವ್ರಿಗೆ". ಆ್ಯಪ್ ಅದನ್ನು "ಅವರಿಗೆ" ಮಾಡಿದೆ. ನಮ್ಮ ಕಡೆ ಆ ವಯಸ್ಸಿನ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವುದಿಲ್ಲ, "ಇವ್ರು" ಅಂದರೆ ಮನೆಯ ಯಜಮಾನರು. ಅಂದರೆ ಸಕ್ಕರಿ 280 ಬಂದಿರುವುದು ನಮ್ಮ ಕಾಕಾಗೆ. ಅಜ್ಜಾರು ನಿಜವಾಗಿಯೂ ಆರಾಮ ಇದ್ದಾರೆ. ಒಂದೇ ಒಂದು ಅಕ್ಷರ ಬದಲಾದದ್ದಕ್ಕೆ ರೋಗ ಒಂದು ಮನೆಯಿಂದ ಎದುರುಮನೆಗೆ ಹೋಯಿತು. ಆದ್ದರಿಂದ ಇಂಥ ಬರಹದಲ್ಲಿ ಅವರು, ಇವರು, ಆಕಿ, ಆತ ಬಂದ ಕಡೆಯೆಲ್ಲ ದನಿಗೆ ಹೋಗಿ ಕೇಳಲೇಬೇಕು. ಕೇಳಿದಮೇಲೆ ಸಾರಾಂಶದಲ್ಲಿ ಸರ್ವನಾಮ ಬಿಟ್ಟು "ಕಾಕಾಗೆ" ಎಂದೇ ಬರೆಯಬೇಕು. ದನಿಯಲ್ಲೂ ತಿಳಿಯದಿದ್ದರೆ, ಇಲ್ಲಿ "ಅಂದ" ಎಂದಿರುವುದು ಔಷಧಿ ಅಂಗಡಿಯವನೋ ಮತ್ತೊಬ್ಬನೋ ತಿಳಿಯದ ಹಾಗೆ, ಊಹಿಸಿ ತುಂಬಬೇಡಿ. "ಯಾರು ಅಂದದ್ದು, ಕೇಳಬೇಕು" ಎಂದು ಗುರುತು ಹಾಕಿಡಿ.

ಇನ್ನು ಆಕೆ ಕೇಳಿದ್ದು. "ಗುಳಿಗಿ ಕಳಿಸು" ಎಂಬ ಮಾತು ಒಂಬತ್ತು ನಿಮಿಷದಲ್ಲಿ ಎಲ್ಲೂ ಇಲ್ಲ. ಸಿಗವಲ್ವು, ಹೋಗೋರು ಯಾರು, ಎಂಟ ದಿನಕ್ಕ ಅದಾವ, ಇರ್ಲಿ ಬಿಡು. ಈ ನಾಲ್ಕು ಸೇರಿದರೆ ಅದೇ ಕೋರಿಕೆ. ನಮ್ಮ ಹಿರಿಯರು ಬೇಡುವಾಗ ಕೊರತೆ ಹೇಳುತ್ತಾರೆ, ಗಡುವು ಹೇಳುತ್ತಾರೆ, ಆಮೇಲೆ ತಾವೇ ಹಿಂದಕ್ಕೆ ತಗೊಳ್ಳುತ್ತಾರೆ. ಸಾರಾಂಶ ಮಾಡುವವರು "ಇರ್ಲಿ ಬಿಡು" ಕಂಡ ಕೂಡಲೇ ಆ ಭಾಗವನ್ನೇ ಹೊಡೆದುಹಾಕುತ್ತಾರೆ. ನಾನು ಅದನ್ನು ಉಲ್ಟಾ ಮಾಡುತ್ತೇನೆ. ಇರ್ಲಿ ಬಿಡು, ನಿನಗ ಅನುಕೂಲ ಆದ್ರ, ಏನ್ ಮಾಡ್ತಿ ನೋಡು, ಇವು ಕಂಡಲ್ಲಿ ನಿಂತು ಅದರ ಹಿಂದಿನ ಮೂರು ನಾಲ್ಕು ಮಾತು ಮತ್ತೆ ಓದುತ್ತೇನೆ. ಕೋರಿಕೆ ಹೆಚ್ಚುಪಾಲು ಅಲ್ಲೇ ಇರುತ್ತದೆ. ಇನ್ನೊಂದು ಜಾಗ, "ಆತು ಇಡ್ತೀನಿ ಮತ್ತ" ಆದಮೇಲಿನ ಮಾತು. ಇಲ್ಲೂ ಎಂಟನೇ ನಿಮಿಷಕ್ಕೆ ಹಾಗಂದು, ಆಮೇಲೆ "ಜಾತ್ರಿಗೆ ಎಷ್ಟ ಮಂದಿ ಬರ್ತೀರಿ ಮೊದ್ಲ ಹೇಳ್ರಿ, ಹಾಸಿಗಿ ತೊಳಸಬೇಕು" ಎಂದಿದ್ದಾಳೆ. ಅದಕ್ಕೆ ಕೈಮುಗಿದರೆ ಉತ್ತರ ಆಗುವುದಿಲ್ಲ, ಎಷ್ಟು ಮಂದಿ ಅನ್ನುವ ಲೆಕ್ಕ ಕೊಡಬೇಕು.

ಎಂಟು ದಿನ ಯಾವತ್ತಿನಿಂದ? ಗ್ರೂಪಿಗೆ ಬಂದದ್ದು ಇವತ್ತು ಶುಕ್ರವಾರ, ಡಿಸೆಂಬರ್ 5. ಇವತ್ತಿನಿಂದ ಎಣಿಸಿದರೆ 13ರ ತನಕ ಗುಳಿಗಿ ಇದ್ದಾವೆ ಅನಿಸುತ್ತದೆ. ಆದರೆ ಇದು ಫಾರ್ವರ್ಡ್ ಆಗಿ ಬಂದದ್ದು, ಫಾರ್ವರ್ಡ್ ಮಾಡಿದ ಮೆಸೇಜಿನ ಕೆಳಗೆ ಕಾಣುವುದು ಫಾರ್ವರ್ಡ್ ಮಾಡಿದ ಹೊತ್ತು. ಮೊದಲು ಯಾರಿಗೆ ಕಳಿಸಿದ್ದಳೋ ಅವರನ್ನು ಕೇಳಿದೆ: ಮಂಗಳವಾರ, 2ರ ರಾತ್ರಿ. ಅಂದರೆ ಗುಳಿಗಿ ಮುಗಿಯುವುದು 10ಕ್ಕೆ. ತಪ್ಪು ಎಣಿಕೆ ನಂಬಿದ್ದರೆ ಕಾಕಾ ಮೂರು ದಿನ ಗುಳಿಗಿ ಇಲ್ಲದೆ ಇರಬೇಕಾಗಿತ್ತು. ನಾಳೆ, ನಾಡ್ದು, ಬರೋ ಸೋಮವಾರ ಎಂದು ಬಂದದ್ದನ್ನೆಲ್ಲ ಮಾತಾಡಿದ ದಿನದಿಂದ ಎಣಿಸಿ ತಾರೀಖು ಮಾಡಿಯೇ ಬರೆಯಬೇಕು.

ಈಗ ಆ 1800. ಬರಹದಲ್ಲಿದ್ದದ್ದು: "ದಲ್ಲಾಳಿ ಹದಿನೆಂಟುನೂರ ಕೇಳಾಕತ್ಯಾನ ಕೊಡಬೇಕೋ ಇಡಬೇಕೋ". ದನಿಯಲ್ಲಿ "ಹದಿನೆಂಟುನೂರಕ" ಎಂದಿದೆ, ಆ "ಕ" ಬರಹದಲ್ಲಿ ಬಿದ್ದುಹೋಗಿದೆ. ಕೇಳುತ್ತಿರುವುದು ನೆಲ್ಲನ್ನು, 1800ರ ದರಕ್ಕೆ. ನೆಲ್ಲಿನ ಮಾತಿನಲ್ಲಿ ಕೊಡುವುದೆಂದರೆ ಮಾರುವುದು, ಇಡುವುದೆಂದರೆ ದರ ಏರುವ ತನಕ ಕಾಯುವುದು. ಯಾರೂ ಯಾರಿಗೂ ದುಡ್ಡು ಹಾಕಬೇಕಿಲ್ಲ, ಆಕೆ ಸಲಹೆ ಕೇಳಿದ್ದಾಳೆ. ಜೊತೆಗೆ 1800 ಯಾವುದಕ್ಕೆ ಎಂದೂ ಬರೆಯಬೇಕು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನೆಲ್ಲಿನ ದರ ಹೇಳುವುದು 75 ಕೆಜಿ ಚೀಲಕ್ಕೆ. ಕ್ವಿಂಟಲ್ ಲೆಕ್ಕದಲ್ಲಿ ಅದು 2400. ಬೆಂಗಳೂರಲ್ಲಿ ಕುಂತವರು 1800 ಅನ್ನೇ ಕ್ವಿಂಟಲ್ ದರ ಎಂದು ತಿಳಿದು "ಬ್ಯಾಡ, ಇಡ್ರಿ" ಎಂದುಬಿಟ್ಟರೆ, ಆ ತಪ್ಪು ಸಲಹೆಯ ನಷ್ಟ ಕಾಕಾಗೆ.

"ಇಷ್ಟೆಲ್ಲಾ ಯಾಕೆ, ಒಂದು ಫೋನ್ ಹಚ್ಚಿ ಕೇಳಿದರೆ ಆತಲ್ಲ?" ಎಂದು ಗ್ರೂಪಿನಲ್ಲೇ ಒಬ್ಬರು ಅಂದರು. ಹಚ್ಚಿ ನೋಡಿ. "ಏನಿಲ್ಲ ತಮ್ಮಾ, ಎಲ್ಲಾ ಆರಾಮ ಅದೀವಿ, ನೀವು ಹೆಂಗದೀರಿ" ಎನ್ನುತ್ತಾಳೆ. ಎದುರಿಗೆ ಕೇಳಲು ಸಂಕೋಚ, ಅದಕ್ಕೇ ಯಾರೂ ನಡುವೆ ಬಾಯಿ ಹಾಕದ ವಾಯ್ಸ್ ಮೆಸೇಜಿನಲ್ಲಿ ಒಂಬತ್ತು ನಿಮಿಷ ಸುತ್ತಿ ಹೇಳಿದ್ದಾಳೆ. ಫೋನ್ ಹಚ್ಚಬೇಕು, ಆದರೆ ಏನು ಕೇಳಬೇಕೆಂದು ತಿಳಿದುಕೊಂಡು ಹಚ್ಚಬೇಕು.

ನಾನು ಗ್ರೂಪಿಗೆ ಹಾಕಿದ ಸಾರಾಂಶ ಇದು. ಕೋರಿಕೆ ಮೊದಲು, ಸುದ್ದಿ ಆಮೇಲೆ:

"ಚಿಗವ್ವ ಮಾತಾಡಿದ್ದು ಡಿ. 2, ರಾತ್ರಿ. ಕಾಕಾಗೆ ಸಕ್ಕರಿ 280 ಬಂದೈತಿ (ಊಟದ ಮೊದಲೋ ಆಮೇಲೋ ಹೇಳಿಲ್ಲ). ಗುಳಿಗಿ ಡಿ. 10ಕ್ಕೆ ಮುಗೀತಾವ, ಊರಾಗ ಸಿಗವಲ್ವು. 9ರ ಒಳಗ ಗಂಗಾವತಿಯಿಂದ ಮುಟ್ಟಿಸಬೇಕು, ಯಾರು ತರ್ತೀರಿ? ಗುಳಿಗಿ ಹೆಸರು ಹೇಳಿಲ್ಲ, ಪಟ್ಟಿ ಹಿಂಬದಿಯ ಫೋಟೊ ಬೇಕು, ಹೆಸರು ಮತ್ತು ಎಂಜಿ ಕಾಣುವಂಗ. ನೆಲ್ಲು ಚೀಲಕ್ಕ (75 ಕೆಜಿ) 1800ಕ್ಕ ಕೇಳ್ಯಾರ, ಮಾರಬೇಕೋ ಇಡಬೇಕೋ ಕಾಕಾಗೆ ಹೇಳಬೇಕು. ಜಾತ್ರಿಗೆ ಎಷ್ಟು ಮಂದಿ ಅಂತ ಎಲ್ಲರೂ ಹೇಳ್ರಿ. ಎದುರುಮನಿ ಅಜ್ಜಾರು ಆರಾಮ."

ಇದನ್ನು ಹಾಕಿ ಕೈಬಿಡಲಿಲ್ಲ. ಚಿಗವ್ವನಿಗೆ ಓದಲು ಬರುವುದಿಲ್ಲ, ಅದಕ್ಕೆ ಅರ್ಧ ನಿಮಿಷದ ವಾಯ್ಸ್ ಕಳಿಸಿದೆ: "ಚಿಗವ್ವ, ಕಾಕಾನ ಗುಳಿಗಿ ಬುಧವಾರಕ್ಕ ಮುಗೀತಾವ, ಅಲ್ಲೇನು? ಪಟ್ಟಿ ಫೋಟೊ ಹುಡುಗನ ಕೈಲೆ ತಗಿಸಿ ಕಳ್ಸು." ಹತ್ತು ನಿಮಿಷಕ್ಕೆ ಉತ್ತರ ಬಂತು: "ಹೌದಪಾ ಬುಧವಾರಕ್ಕ. ಆದ್ರ ರಾತ್ರಿ ಗುಳಿಗಿ ಬ್ಯಾರೆ, ಅವು ಸೋಮವಾರಕ್ಕ ಮುಗೀತಾವ." ಸಾರಾಂಶದ ತಾರೀಖು 9 ಇದ್ದದ್ದನ್ನು 7 ಮಾಡಿದ್ದೇನೆ. ಭಾನುವಾರ ಗಂಗಾವತಿಯಿಂದ ಆ ಕಡೆ ಹೋಗುವವರು ಯಾರಿದ್ದೀರಿ, ಹೇಳಿ.