ಸಹಿ ಬಿದ್ದ ವರದಿಯನ್ನು ತಿದ್ದುವ ಬಗೆ

ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ಬಯಾಪ್ಸಿ ವರದಿ ಬರೆಯುವ ನಾನು, ಅದಕ್ಕೂ ಮೊದಲು ಮಲೆನಾಡಿನ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ. ಅಲ್ಲಿ ಕೊಟ್ಟ ವರದಿಯಲ್ಲಿ ತಪ್ಪು ಕಂಡರೆ ಕಂಪ್ಯೂಟರಿನ ಫೈಲನ್ನೇ ತಿದ್ದಿ, ಅದೇ ನಂಬರು, ಅದೇ ದಿನಾಂಕದಲ್ಲಿ ಇನ್ನೊಂದು ಪ್ರಿಂಟ್ ಕೊಡುತ್ತಿದ್ದೆವು. ಇಲ್ಲಿ ಸಹಿಯಾದ ವರದಿಗೆ ಬೀಗ ಬೀಳುತ್ತದೆ. ಮುಂದೆ ಏನೇ ಬರೆದರೂ ಅದು ಹೊಸ ಆವೃತ್ತಿಯೇ.

ಸ್ತನದ ಗಂಟಿನ ಬಯಾಪ್ಸಿಯೊಂದನ್ನು ನೋಡಿ. ಮೊದಲ ವರದಿಯಲ್ಲಿ ಕ್ಯಾನ್ಸರ್ ಇದೆಯೆಂದೂ ಗಂಟಿನ ಕೋಶಗಳಲ್ಲಿ ಹರ್‌2 ಎಂಬ ಪ್ರೋಟೀನ್ ಎಷ್ಟಿದೆಯೆಂದು ನೋಡುವ ಪರೀಕ್ಷೆಯ ಫಲಿತಾಂಶ 2+, ಅಂದರೆ ಅನಿರ್ಣೀತವೆಂದೂ ಬರೆದು, ಆ ಪ್ರೋಟೀನಿನ ಜೀನ್ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಕಳಿಸುತ್ತೇವೆ. ಕೆಲವು ದಿನಗಳ ನಂತರ ಅದರ ಫಲಿತಾಂಶ ಬಂದಾಗ ಸೇರಿಸುವುದು ಅಡೆಂಡಮ್. ಮೊದಲು ಬರೆದ ಯಾವ ಮಾತೂ ಅದರಿಂದ ಸುಳ್ಳಾಗುವುದಿಲ್ಲ. ಆದರೆ ಎಡಸ್ತನದ ಬದಲು ಬಲಸ್ತನವೆಂದು ಟೈಪಾಗಿ ಹೋಗಿದ್ದರೆ ಅದಕ್ಕೆ ಅಡೆಂಡಮ್ ಸಾಲದು, ತಿದ್ದುಪಡಿ ವರದಿಯೇ ಬೇಕು. ಅಡೆಂಡಮ್ ಓದುವವರು ಹಳೆಯ ಹಾಳೆಯನ್ನು ಜೊತೆಗಿಟ್ಟುಕೊಳ್ಳಬೇಕು, ತಿದ್ದುಪಡಿ ಓದುವವರು ಹಳೆಯದನ್ನು ನಂಬಬಾರದು.

ಆದ್ದರಿಂದ ತಿದ್ದುಪಡಿ ವರದಿಯ ತಲೆಯಲ್ಲೇ ಆವೃತ್ತಿ ಸಂಖ್ಯೆ, ಯಾವ ದಿನಾಂಕದ ವರದಿಯ ಬದಲಿಗೆ ಇದು, ಏನು ಬದಲಾಯಿತು, ಏಕೆ ಎಂಬುದಿರುತ್ತದೆ. ಯಾರು, ಯಾವಾಗ ತಿದ್ದಿದರೆಂಬುದನ್ನು ತಂತ್ರಾಂಶವೇ ದಾಖಲಿಸಿಕೊಳ್ಳುತ್ತದೆ. ಏಕೆ ಎಂಬುದನ್ನು ನಾವೇ ಬರೆಯಬೇಕು. ನಂತರ ಶಸ್ತ್ರವೈದ್ಯರಿಗೆ ಫೋನ್ ಮಾಡಿ, ಅವರಿಂದಲೇ ಮರಳಿ ಹೇಳಿಸಿ, ಆ ಹೆಸರು ಮತ್ತು ಹೊತ್ತನ್ನೂ ಬರೆದಿಡುತ್ತೇವೆ, ಏಕೆಂದರೆ ರೋಗಿಯ ವಾಟ್ಸ್ಯಾಪ್‌ನಲ್ಲಿ ಕುಳಿತ ಹಳೆಯ ಪಿಡಿಎಫ್ ಅನ್ನು ಹಿಂದಕ್ಕೆ ಕರೆಸಲು ಯಾವ ತಂತ್ರಾಂಶಕ್ಕೂ ಆಗದು. ಎರಡು ಹಾಳೆಗಳು ಎದುರಾದಾಗ ಪ್ರಿಂಟಾದ ದಿನಾಂಕವನ್ನು ನಂಬಬೇಡಿ. ಹಳೆಯ ಆವೃತ್ತಿಯನ್ನು ಇಂದು ಪ್ರಿಂಟ್ ತೆಗೆದರೂ ಅದರಲ್ಲಿ ಇಂದಿನ ದಿನಾಂಕವೇ ಬರಬಹುದು. ನೋಡಬೇಕಾದ್ದು ಆವೃತ್ತಿ ಸಂಖ್ಯೆ ಮತ್ತು ಸಹಿಯ ಹೊತ್ತು.

ಇಲ್ಲಿನದೆಲ್ಲ ಸರಿಯೆಂದು ನಾನು ಹೇಳಲಾರೆ. ಅಡೆಂಡಮ್ ಹಲವು ಬಾರಿ ಮೂರನೇ ಪುಟದ ಕೊನೆಗೆ ಹೋಗಿ ಸೇರುತ್ತದೆ, ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ವೈದ್ಯರು ಮೊದಲ ಪುಟವನ್ನಷ್ಟೇ ಓದಿ ಹರ್‌2 ಇನ್ನೂ ಅನಿರ್ಣೀತವೆಂದೇ ತಿಳಿದದ್ದನ್ನು ಕಂಡಿದ್ದೇನೆ. ಫಿಶ್ ಫಲಿತಾಂಶ ಬಂದಿದೆ ಎಂಬ ಒಂದು ಸಾಲಾದರೂ ಮೊದಲ ಪುಟದ ಮೇಲ್ಭಾಗದಲ್ಲಿ ಇರಲೇಬೇಕು.

ಊರಿನಲ್ಲಿ ನಿಯಮದ ಕೊರತೆಯಿತ್ತೆಂದೂ ಅಲ್ಲ. ಭಾರತದಲ್ಲಿ ಪ್ರಯೋಗಾಲಯಗಳಿಗೆ ಎನ್‌ಎಬಿಎಲ್ ಸಂಸ್ಥೆ ಮಾನ್ಯತೆ ಕೊಡುವಾಗ ಆಧರಿಸುವ ಐಎಸ್‌ಒ 15189 ಮಾನದಂಡವೂ ತಿದ್ದಿದ ವರದಿಯನ್ನು ತಿದ್ದಿದ್ದೆಂದು ಸ್ಪಷ್ಟವಾಗಿ ಗುರುತಿಸಲು ಹೇಳುತ್ತದೆ. ವಿಚಿತ್ರವೆಂದರೆ ನಮ್ಮ ಹಳೆಯ ಕೈಬರಹದ ರಿಜಿಸ್ಟರಿನಲ್ಲಿ ಈ ಶಿಸ್ತು ಇತ್ತು: ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಓದುವಂತಿರಬೇಕು, ಪಕ್ಕದಲ್ಲಿ ಚಿಕ್ಕ ಸಹಿ ಮತ್ತು ತಾರೀಖು. ಅದನ್ನು ಅಳಿಸಿಹಾಕಿದ್ದು ಕಂಪ್ಯೂಟರು. ಅಲ್ಲಿನ ಗೆಳೆಯರು ಈಗ ಹಳೆಯ ಪಿಡಿಎಫ್ ಅನ್ನು ಮುಟ್ಟದೆ ಉಳಿಸಿ, ಹೊಸ ಫೈಲಿನ ಹೆಸರಿನ ಕೊನೆಗೆ `_R1` ಎಂದು ಸೇರಿಸುತ್ತಾರೆ. ಅದಕ್ಕೆ ಬೇರೆ ತಂತ್ರಾಂಶವೇನೂ ಬೇಕಾಗಲಿಲ್ಲ.